ಹಾಡಿದಾಗ ಪದ ಎಲ್ಲಿ ತುಂಡಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಭಾವಗೀತೆ ಬರೆಯುವ, ಅದಕ್ಕೆ ರಾಗ ಹಾಕುವ ಎಳೆಯರೇ ಇಲ್ಲಿ ಹೆಚ್ಚಾಗಿದ್ದೀರಿ. ಹಾಗಾಗಿ ಇವತ್ತು ಹಾಡು ಬರೆಯುವ ಬಗ್ಗೆ ಮಾತಾಡುವುದಿಲ್ಲ. ಬರೆದು ಮುಗಿಸಿ, ರಾಗವೂ ಕೂತ ಮೇಲೆ, ರೆಕಾರ್ಡಿಂಗಿಗೆ ಹೋಗುವ ಮುಂಚೆ ಮಾಡಬೇಕಾದ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಹಾಳೆಯ ಮೇಲೆ ಸರಿಯಿದ್ದ ಸಾಲು ಹಾಡಿದಾಗ ಬೇರೆ ಅರ್ಥ ಕೊಡುತ್ತದೆಯೇ ಎಂದು ನೋಡುವ ಕೆಲಸ ಅದು.

ನನ್ನದೇ ಒಂದು ಪಲ್ಲವಿಯಿಂದ ಶುರು ಮಾಡುತ್ತೇನೆ.

ನಿನ್ನ ಮರೆಯಲಾರೆ ಗೆಳತಿ
ನಿನ್ನ ಬಳಿಗೆ ಬಂದು ಬೆರೆವೆ

ಮಾತ್ರೆ ಎಣಿಸಿ ನೋಡಿ. ನಿನ್ನ, ಮರೆಯ, ಲಾರೆ, ಗೆಳತಿ. ಮೂರು ಮೂರು ಮಾತ್ರೆಯ ನಾಲ್ಕು ಗಣ. ದಾದ್ರಾ ತಾಳಕ್ಕೆ ಹೇಳಿ ಮಾಡಿಸಿದ ಹಾಗಿದೆ, 6 ಮಾತ್ರೆಯ ಎರಡು ಆವರ್ತ. ಛಂದಸ್ಸಿನಲ್ಲಿ ಒಂದು ತಪ್ಪೂ ಇಲ್ಲ ಎಂದು ನಾನು ನೆಮ್ಮದಿಯಿಂದಿದ್ದೆ. ಆದರೆ ಗಣ ಮುರಿದದ್ದು ಪದದ ನಡುವೆ. ಮೊದಲ ಆವರ್ತ 'ನಿನ್ನ ಮರೆಯ' ಎಂಬಲ್ಲಿಗೆ ಮುಗಿಯುತ್ತದೆ, 'ಲಾ' ನೇರವಾಗಿ ಮುಂದಿನ ಆವರ್ತದ ಮೊದಲ ಮಾತ್ರೆಯಾದ ಸಮ್‌ನ ಮೇಲೆ ಬಂದು ಕೂರುತ್ತದೆ. ದೀರ್ಘಾಕ್ಷರ, ಅದೂ ಆಕಾರ, ಅದೂ ಸಮ್‌ನಲ್ಲಿ. ಯಾವ ಸಂಯೋಜಕರು ತಾನೇ ಅದನ್ನು ಎಳೆಯದೆ ಬಿಡುತ್ತಾರೆ? ನಮ್ಮ ಸಂಯೋಜಕರು ಅಲ್ಲಿ ಒಂದು ಇಡೀ ಆವರ್ತ ಎಳೆದರು. ಮಾತ್ರೆಗೆ ಅರ್ಧ ಸೆಕೆಂಡಿನ ನಿಧಾನ ಲಯ, ಅಂದರೆ 'ಲಾ' ಒಂದೇ ಮೂರು ಸೆಕೆಂಡು ನಿಂತಿತು. ಆಮೇಲೆ 'ರೆ ಗೆಳತಿ'.

ಮನೆಯಲ್ಲಿ ಅದರ ಧ್ವನಿಮುದ್ರಣ ಹಾಕಿದ್ದೆ. ಅಡುಗೆಮನೆಯಿಂದ ನಮ್ಮ ಅತ್ತೆ ಕೇಳಿದರು: "ಯಾಕಪ್ಪಾ, ನಿನ್ನ ಮರೀಲಾ ಅಂತ ಅವಳನ್ನೇ ಕೇಳ್ತಿದಾನಲ್ಲ, ಜಗಳ ಆಗಿದ್ಯಾ?"

ಅವರು ಕೇಳಿಸಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಬರಲಾ, ಹೋಗಲಾ, ಹೇಳಲಾ ಎಂದು ನಾವು ದಿನವೂ ಅನುಮತಿ ಕೇಳುತ್ತೇವಲ್ಲ, 'ಮರೆಯಲಾ' ಎಂಬುದೂ ಅದೇ ಜಾತಿಯ ಪೂರ್ತಿ ಪದ. ಮೂರು ಸೆಕೆಂಡಿನಲ್ಲಿ ಕಿವಿ ಆ ವಾಕ್ಯವನ್ನು ಮುಗಿಸಿಬಿಟ್ಟಿರುತ್ತದೆ. ಮುಂದೆ ಬರುವ 'ರೆ' ಅನಾಥವಾಗುತ್ತದೆ. ಕನ್ನಡದಲ್ಲಿ ನಿಷೇಧ ಪದದ ಕೊನೆಗೆ ಬರುತ್ತದೆ. ಮರೆಯಲಾರೆ, ಹೋಗೆನು, ಬಾರದಿರು, ಯಾವುದನ್ನೇ ತೆಗೆದುಕೊಳ್ಳಿ, 'ಇಲ್ಲ' ಎಂಬ ಅರ್ಥ ಬಾಲದಲ್ಲಿದೆ. ಬಾಲ ತಲುಪುವ ಮೊದಲೇ ರಾಗ ನಿಂತರೆ ಕೇಳುಗನಿಗೆ ಸಿಗುವುದು ತಿರುಗುಮುರುಗು ಅರ್ಥ. ಅದಕ್ಕೇ ನಾನು ಸಾಹಿತ್ಯ ಪರಿಶೀಲಿಸುವಾಗ ಮೊದಲು ಹುಡುಕುವುದು ನಿಷೇಧದ ಪದಗಳನ್ನು. ಅವುಗಳ ನಡುವೆ ಸಮ್ ಬಿದ್ದಿದೆಯೇ, ಉಸಿರು ಬಿದ್ದಿದೆಯೇ ಎಂದು ಗುರುತು ಹಾಕುತ್ತೇನೆ.

ಇದು ಹೊಸ ತೊಂದರೆಯಲ್ಲ. ಪದ ಒಡೆದು ಎರಡನೇ ಅರ್ಥ ಹುಟ್ಟಿಸುವುದಕ್ಕೆ ನಮ್ಮ ಅಲಂಕಾರಶಾಸ್ತ್ರ ಸಭಂಗಶ್ಲೇಷ ಎಂದು ಹೆಸರಿಟ್ಟಿದೆ. ಬೇಕೆಂದು ಮಾಡಿದರೆ ಅಲಂಕಾರ, ತಾನಾಗಿ ಆದರೆ ದೋಷ. ಸಂಧಿ ಮಾಡಿದಾಗ ಅಶ್ಲೀಲ ಪದವೊಂದು ಹೊಮ್ಮುವುದನ್ನು ಮಮ್ಮಟ ವಿಸಂಧಿ ದೋಷದ ಒಂದು ಬಗೆಯಾಗಿಯೇ ಹೇಳಿದ್ದಾನೆ. ಶಾಲೆಯಲ್ಲಿ ಲೋಪಸಂಧಿಯ ಸೂತ್ರ ಬಾಯಿಪಾಠ ಮಾಡಿದ್ದೀರಲ್ಲ, ಅದರಲ್ಲಿ 'ಅರ್ಥ ಕೆಡದಂತಿದ್ದ ಪಕ್ಷದಲ್ಲಿ' ಎಂಬ ಮಾತು ಬರುತ್ತದೆ. ಪರೀಕ್ಷೆಗೆಂದು ಓದಿ ಮರೆತ ಆ ಮಾತು ಹಾಡು ಬರೆಯುವವನಿಗೆ ದಿನನಿತ್ಯ ಬೇಕು.

ಸರಿ, ಸಾಲನ್ನು ತಿದ್ದಬೇಕಾಯಿತು. ನಾನು ಮೊದಲು ಮಾಡಿದ್ದು 'ನಿನ್ನ ಮರೆಯೆನೆಂದು ಗೆಳತಿ'. ನಿಷೇಧ ಮೊದಲ ಆವರ್ತದಲ್ಲೇ ಮುಗಿಯಿತು ಎಂದು ಖುಷಿಪಟ್ಟೆ. ತಾಳ ಹಾಕಿ ಹೇಳಿ ನೋಡಿದರೆ ನಿನ್ನ, ಮರೆಯೆ, ನೆಂದು, ಗೆಳತಿ. ಸಮ್‌ನಲ್ಲಿ ಈಗ 'ನೆಂದು' ಕೂತಿದೆ. ಮಳೆಯಲ್ಲಿ ನೆಂದು ಬಂದ ಗೆಳತಿ! ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ತೆರೆದಿದ್ದೆ. ಆದ್ದರಿಂದ ತಿದ್ದಿದ ಸಾಲನ್ನು ಹೊಸ ಸಾಲೆಂದೇ ತಿಳಿದು ಮತ್ತೆ ಮೊದಲಿನಿಂದ ನೋಡಬೇಕು.

ಮೂರನೆಯದು 'ಮರೆಯೆ ನಿನ್ನ ನನ್ನ ಗೆಳತಿ'. ಅರ್ಥ ಚೊಕ್ಕ. ಆದರೆ ಸಮ್‌ನಲ್ಲಿರುವ 'ನನ್ನ' ಎಂಬುದರ ಮೊದಲ ಅಕ್ಷರ ಗುರುವಾದದ್ದು ಮುಂದಿನ ಒತ್ತಕ್ಷರದಿಂದ. ಸ್ವರ ಮಾತ್ರ ಹ್ರಸ್ವವೇ. ಛಂದಸ್ಸಿನ ಲೆಕ್ಕದಲ್ಲಿ 'ನನ್' ಮತ್ತು 'ಲಾ' ಎರಡೂ ಎರಡು ಮಾತ್ರೆ, ಗಂಟಲಿನ ಲೆಕ್ಕದಲ್ಲಿ ಅಲ್ಲ. ಆರು ಮಾತ್ರೆ ಎಳೆದರೆ 'ನಾನ್ನ' ಆಗುತ್ತದೆ. ರಾಗ ನಿಲ್ಲುವ ಜಾಗಕ್ಕೆ ನಿಜವಾದ ದೀರ್ಘಸ್ವರವೇ ಬೇಕು.

ಕೊನೆಗೆ ಉಳಿದದ್ದು 'ಮರೆಯೆ ನಿನ್ನ ಬಾಳ ಗೆಳತಿ'. ಇಲ್ಲಿ 'ಬಾ' ಎಳೆದಾಗ 'ಬಾ' ಎಂದು ಕರೆದಂತೆಯೂ ಕೇಳುತ್ತದೆ. ಅದನ್ನು ತೆಗೆಯಲಿಲ್ಲ. ಮರೆಯುವುದಿಲ್ಲ, ಬಾ ಎಂದರೆ ಹಾಡಿನ ಭಾವಕ್ಕೆ ಹಿತವೇ ಆಯಿತು. ಎರಡನೇ ಅರ್ಥ ಬಂದಿತೆಂದ ಮಾತ್ರಕ್ಕೆ ಅಳಿಸಬೇಕಾಗಿಲ್ಲ, ಮೊದಲನೆಯದರ ಜೊತೆ ಅದು ಜಗಳವಾಡಿದರೆ ಅಳಿಸಬೇಕು.

ಎರಡನೇ ಸಾಲಿನ ತೊಂದರೆ ಬೇರೆ ಬಗೆಯದು. 'ಬೆರೆವೆ' ಎಂಬುದರ 'ಬೆ' ಎಳೆದರೆ 'ಬೇರೆ' ಆಗುತ್ತದೆ. ಒಂದಾಗುತ್ತೇನೆ ಎಂದವನು ಬೇರೆಯಾಗುತ್ತೇನೆ ಎಂದ ಹಾಗೆ. ಬಿಡು ಬೀಡಾಗುತ್ತದೆ, ನಡು ನಾಡಾಗುತ್ತದೆ, ಮನ ಮಾನವಾಗುತ್ತದೆ. ಇದು ಸಾಹಿತಿಯ ತಪ್ಪೂ ಅಲ್ಲ, ಸಂಯೋಜಕರ ತಪ್ಪೂ ಅಲ್ಲ, ಇಬ್ಬರೂ ಒಟ್ಟಿಗೆ ಕೂತು ಕೇಳದಿದ್ದುದರ ತಪ್ಪು. ಹಾಗೆಯೇ 'ಬಳಿಗೆ'. ಆ ಹಾಡಿಗೆ ಹೊರರಾಜ್ಯದ ಗಾಯಕರನ್ನು ಕರೆಸುವ ಯೋಚನೆಯಿತ್ತು. ಳಕಾರ ರೂಢಿಯಿಲ್ಲದವರ ಬಾಯಲ್ಲಿ ಬಳಿ ಬಲಿಯಾಗುತ್ತದೆ. ಅವರ ಕೈಗೆ ಕೊಡುವ ರೋಮನ್ ಅಕ್ಷರದ ಹಾಳೆಯಲ್ಲಿ ಎರಡಕ್ಕೂ ಒಂದೇ ಕಾಗುಣಿತ, bali. ಪ್ರೇಮಗೀತೆಯಲ್ಲಿ 'ನಿನ್ನ ಬಲಿಗೆ ಬಂದು' ಎಂದರೆ ಹೇಗಿರುತ್ತದೆ ಯೋಚಿಸಿ. ಸಾಲು 'ನಿನ್ನ ಸನಿಹ ಬಂದು ಸೇರಿ' ಎಂದಾಯಿತು. 'ಸೇ' ಎಷ್ಟು ಎಳೆದರೂ 'ಸೇ' ಆಗಿಯೇ ಇರುತ್ತದೆ. ಇನ್ನು ಮೊದಲ ಸಾಲಿನ 'ಬಾಳ' ಕೂಡ ಅಂಥವರ ಬಾಯಲ್ಲಿ 'ಬಾಲ' ಆಗುತ್ತದೆಯಲ್ಲ ಎಂದು ನೀವು ಕೇಳಬಹುದು. ಆಗುತ್ತದೆ. ಆ ಪದ ಬಿಡಲು ಮನಸ್ಸಾಗಲಿಲ್ಲ, ಕೊನೆಗೆ ಳಕಾರ ಸ್ಪಷ್ಟವಿರುವ ನಮ್ಮೂರಿನ ಗಾಯಕರಿಂದಲೇ ಹಾಡಿಸಿದೆವು.

ಪಲ್ಲವಿಗೆ ಇನ್ನೊಂದು ಪರೀಕ್ಷೆ ಇದೆ. ವಾಲ್ಮೀಕಿಯ ಕಥೆ ಗೊತ್ತಲ್ಲ, 'ಮರಾ ಮರಾ' ಎಂದು ಬಿಡದೆ ಹೇಳಿದರೆ ಅದು 'ರಾಮ ರಾಮ' ಆಯಿತು. ಪುನರುಕ್ತಿಯಲ್ಲಿ ಪದ ಎಲ್ಲಿ ಶುರುವಾಯಿತು ಎಂಬುದನ್ನು ಕಿವಿ ಮರೆಯುತ್ತದೆ. 'ಸದಾ ಸದಾ ಸದಾ' ಎಂದು ಕೋರಸ್ ಹಾಡಿದರೆ ಮೂರನೇ ಸಲಕ್ಕೆ 'ದಾಸ ದಾಸ' ಕೇಳುತ್ತದೆ. ಹಾಗಾಗಿ ಪಲ್ಲವಿಯನ್ನು ನಾಲ್ಕು ಸಲ ನಿಲ್ಲಿಸದೆ ಹಾಡಿಸಿ, ಕೊನೆಯ ಪದ ಮೊದಲ ಪದಕ್ಕೆ ತಾಗುವ ಕೀಲನ್ನು ಕೇಳಿ.

ಈ ಯಾವುದನ್ನೂ ಬರೆದವನು ಒಬ್ಬನೇ ಕೂತು ಹಿಡಿಯಲಾರ. ಅವನ ಕಿವಿಗೆ ಸರಿಯಾದ ಪದ ಮೊದಲೇ ಗೊತ್ತಿರುತ್ತದೆ. ನಾನು ಮಾಡುವುದು ಇಷ್ಟು. ಮೊಬೈಲಿನಲ್ಲಿ ವಾದ್ಯವಿಲ್ಲದೆ ಹಾಡಿಸಿಕೊಳ್ಳುತ್ತೇನೆ. ಸಾಹಿತ್ಯ ನೋಡಿರದ ಮೂವರಿಗೆ ಒಂದೇ ಒಂದು ಸಲ ಕೇಳಿಸಿ, ಕಿವಿಗೆ ಬಿದ್ದದ್ದನ್ನು ಬರೆಯಿರಿ ಎನ್ನುತ್ತೇನೆ, ಉಕ್ತಲೇಖನದ ಹಾಗೆ. ಒಬ್ಬರು ಉತ್ತರ ಕರ್ನಾಟಕದವರೋ ಕರಾವಳಿಯವರೋ ಆಗಿರಲಿ, ಒಂದು ಕಡೆಯ ಸಾಧಾರಣ ಮಾತು ಇನ್ನೊಂದು ಕಡೆ ಬೈಗುಳವಾಗಿರುವುದುಂಟು. ಹೇಗಿದೆ ಎಂದು ಮಾತ್ರ ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮೂರು ಹಾಳೆಗಳನ್ನೂ ನಿಮ್ಮ ಹಾಳೆಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಇಬ್ಬರು ಒಂದೇ ಜಾಗದಲ್ಲಿ ತಪ್ಪಿದ್ದರೆ ಆ ಜಾಗ ತಿದ್ದಲೇಬೇಕು. ಒಬ್ಬರೇ ತಪ್ಪಿದ್ದರೆ ಆ ಸಾಲನ್ನು ನಾಲ್ಕನೆಯವರಿಗೆ ಕೇಳಿಸಿ.

ಹಾರ್ಮೋನಿಯಂ ಇಲ್ಲೇ ಇದೆ. ನಿಮ್ಮಲ್ಲಿ ಯಾರಾದರೂ ಮುಗಿಸಿದ ಹಾಡು ತಂದಿದ್ದರೆ ಬನ್ನಿ, ಹಾಳೆಯನ್ನು ನನಗೆ ತೋರಿಸದೆ ಪಲ್ಲವಿ ಹಾಡಿ. ಉಳಿದವರು ಪೆನ್ನು ತೆಗೆದುಕೊಳ್ಳಿ.