ರೆಸ್ಯೂಮ್‌ನಲ್ಲಿರುವ ಆ ಮೂರು ಅಂಕಿಗಳು

(ಚಿಕ್ಕಮಗಳೂರಿನಲ್ಲಿ ಐಟಿ ಸಪೋರ್ಟ್ ಮತ್ತು ನೆಟ್‌ವರ್ಕ್ ಕೆಲಸ ಮಾಡುವ ಯುವಕ ಯುವತಿಯರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ರೆಸ್ಯೂಮ್‌ಗೆ ಯಾವ ಫಾಂಟ್ ಹಾಕಬೇಕು, ಫೋಟೋ ಇರಬೇಕಾ ಬೇಡವಾ ಅನ್ನೋದಕ್ಕೆಲ್ಲ ನಾನು ಇವತ್ತು ಹೋಗುವುದಿಲ್ಲ. ನಮ್ಮ ಕೆಲಸದವರ ರೆಸ್ಯೂಮ್‌ನಲ್ಲಿ ಮೂರು ಅಂಕಿಗಳು ಇದ್ದೇ ಇರುತ್ತವೆ. ಎಷ್ಟು ಟಿಕೆಟ್ ಮುಗಿಸಿದೆ, ಎಷ್ಟು ಸಿಸ್ಟಮ್ ನೋಡಿಕೊಂಡೆ, ಎಷ್ಟು ಬೇಗ ಉತ್ತರ ಕೊಟ್ಟೆ. ಈ ಮೂರನ್ನು ಎಲ್ಲಿಂದ ತೆಗೆಯಬೇಕು, ಅವು ಎಲ್ಲಿ ಕೈಕೊಡುತ್ತವೆ ಅನ್ನುವುದಷ್ಟೇ ನನ್ನ ಮಾತು.

ಕೆಲವು ವರ್ಷಗಳಿಂದ ನಾನು ಇಂಟರ್‌ವ್ಯೂನಲ್ಲಿ ಮೇಜಿನ ಆ ಕಡೆ ಕೂರುತ್ತಿದ್ದೇನೆ. ರೆಸ್ಯೂಮ್‌ನಲ್ಲಿ ‘1500 ಟಿಕೆಟ್ ಪರಿಹರಿಸಿದ್ದೇನೆ’ ಅಂತ ಕಂಡ ತಕ್ಷಣ ನಮ್ಮಂಥವರು ಮಾಡುವ ಮೊದಲ ಕೆಲಸ ಭಾಗಾಕಾರ. ಎಷ್ಟು ತಿಂಗಳು? ದಿನಕ್ಕೆ ಎಷ್ಟಾಯಿತು? ನಮ್ಮ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಫಿ ಚೀಲದ ತೂಕ ಎಷ್ಟೇ ಹೇಳಿ, ಕೊಳ್ಳುವವನು ಅದರಲ್ಲಿ ಕ್ಲೀನ್ ಬೀಜ ಎಷ್ಟು ಬರುತ್ತದೆ, ಔಟ್‌ಟರ್ನ್ ಎಷ್ಟು ಅಂತಲೇ ಕೇಳುತ್ತಾನೆ, ಅಲ್ವಾ?

ಒಬ್ಬ ಹುಡುಗನ ಲೆಕ್ಕ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಕಡೂರು ಕಡೆಯವನು. ಇಲ್ಲೇ ಒಂದು ಕಾಫಿ ಸಂಸ್ಥೆಯಲ್ಲಿ ಐಟಿ ಸಪೋರ್ಟ್ ನೋಡಿಕೊಳ್ಳುತ್ತಿದ್ದ. ಕಚೇರಿ, ಕ್ಯೂರಿಂಗ್ ಘಟಕ, ಗೋಡೌನ್ ಎಲ್ಲ ಒಂದೇ ಕಾಂಪೌಂಡಿನಲ್ಲಿ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಅಡ್ಮಿನ್ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತ ರೆಸ್ಯೂಮ್ ತಂದು ತೋರಿಸಿದ. ಅದರಲ್ಲಿ ಮೂರು ಸಾಲು: 14 ತಿಂಗಳಲ್ಲಿ 1512 ಟಿಕೆಟ್, 112 ಸಿಸ್ಟಮ್, ‘ಅತಿ ವೇಗದ ಪ್ರತಿಕ್ರಿಯೆ’.

“1512 ಎಲ್ಲಿಂದ ಬಂತಪ್ಪ?” ಅಂದೆ. “ಟೂಲ್‌ನಲ್ಲಿ ನನ್ನ ಹೆಸರು ಹಾಕಿ ಫಿಲ್ಟರ್ ಮಾಡಿದೆ ಸರ್” ಅಂದ. ಸುಳ್ಳೇನೂ ಅಲ್ಲ. ಆದರೆ ಟಿಕೆಟ್ ಟೂಲ್‌ಗೆ ಯಾವುದು ನಿಜವಾದ ಕೆಲಸ ಅಂತ ಗೊತ್ತಿರುವುದಿಲ್ಲ. ಕೂತು ಪಟ್ಟಿ ಬಿಡಿಸಿದೆವು. ಯುಪಿಎಸ್ ಮತ್ತು ಪ್ರಿಂಟರ್‌ಗಳ ಮೇಲ್ವಿಚಾರಣಾ ಸಾಫ್ಟ್‌ವೇರ್ ತಾನೇ ತೆರೆದು, ಕರೆಂಟ್ ಬಂದ ಮೇಲೆ ತಾನೇ ಮುಚ್ಚಿದ ಟಿಕೆಟ್ 338. ಮಲೆನಾಡಿನ ಮಳೆಗಾಲದ ಕರೆಂಟ್ ಗೊತ್ತಲ್ಲ, ಅವು ಬರುತ್ತಲೇ ಇರುತ್ತವೆ. ಒಂದೇ ದೂರನ್ನು ಎರಡು ಮೂರು ಜನ ಕೊಟ್ಟು, ಆಮೇಲೆ ಒಂದಕ್ಕೆ ಸೇರಿಸಿದ್ದು 96. ಇವನ ಹೆಸರಿಗೆ ಬಂದು, ಬೇರೆಯವರಿಗೆ ದಾಟಿ, ಅವರೇ ಮುಗಿಸಿದ್ದು 162. ಇದೆಲ್ಲ ಕಳೆದರೆ ಉಳಿಯುವುದು 916.

ಅವನ ಮುಖ ಸಣ್ಣದಾಯಿತು. ಆದರೆ 916ನ್ನು 14ರಿಂದ ಭಾಗಿಸಿ ನೋಡಿ. ತಿಂಗಳಿಗೆ ಸುಮಾರು 65. ತಿಂಗಳಿಗೆ 25 ಕೆಲಸದ ದಿನ ಅಂದುಕೊಂಡರೆ ದಿನಕ್ಕೆ ಎರಡೂವರೆಗಿಂತ ಸ್ವಲ್ಪ ಜಾಸ್ತಿ. ಕಟ್ಟಡದಿಂದ ಕಟ್ಟಡಕ್ಕೆ ನಡೆದು, ಮೇಜಿನ ಕೆಳಗೆ ತೂರಿ ಕೆಲಸ ಮಾಡುವವನಿಗೆ ಇದು ನಂಬುವಂಥ ಲೆಕ್ಕ. ಫೋನಿನಲ್ಲೇ ಪಾಸ್‌ವರ್ಡ್ ಬದಲಿಸಿಕೊಡುವ ಸರ್ವಿಸ್ ಡೆಸ್ಕ್‌ನಲ್ಲಿ ದಿನಕ್ಕೆ 15–20 ಆಗಬಹುದು. ನೆಟ್‌ವರ್ಕ್ ಅಡ್ಮಿನ್ ಅಂತ ಬರೆದುಕೊಂಡು ದಿನಕ್ಕೆ 20 ಟಿಕೆಟ್ ಅಂದರೆ, ಅವನು ಸ್ವಿಚ್ ಹತ್ತಿರ ಹೋಗಿದ್ದು ಯಾವಾಗ ಅಂತ ಅನುಮಾನ ಬರುತ್ತದೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮುಗಿಸಿದ ಮೇಲೆ ಮತ್ತೆ ತೆರೆದ ಟಿಕೆಟ್‌ಗಳನ್ನೂ ನೋಡಿ. ಅವನದು 41 ಇತ್ತು, ಅಂದರೆ 100ಕ್ಕೆ ನಾಲ್ಕೂವರೆ. ಅದನ್ನು ರೆಸ್ಯೂಮ್‌ನಲ್ಲಿ ಬರೆಯಲೇಬೇಕು ಅಂತಿಲ್ಲ. ಕೇಳಿದರೆ ಹೇಳಲು ಗೊತ್ತಿರಬೇಕು.

ಈಗ ರೆಸ್ಪಾನ್ಸ್ ಟೈಮ್. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಎರಡು ಗಡಿಯಾರಗಳನ್ನು ಬೇರೆ ಮಾಡಿಕೊಳ್ಳಿ. ದೂರು ಬಂದಾಗಿನಿಂದ ಒಬ್ಬ ಮನುಷ್ಯ ಮೊದಲ ಉತ್ತರ ಕೊಡುವವರೆಗಿನದು ರೆಸ್ಪಾನ್ಸ್ ಟೈಮ್. ಸಮಸ್ಯೆ ಮುಗಿಯುವವರೆಗಿನದು ರೆಸಲ್ಯೂಶನ್ ಟೈಮ್. ಮನುಷ್ಯ ಅಂತ ಒತ್ತಿ ಹೇಳಿದ್ದೇಕೆ ಅಂದರೆ, ‘ನಿಮ್ಮ ದೂರು ತಲುಪಿದೆ’ ಅಂತ ತಾನಾಗಿ ಹೋಗುವ ಮೇಲ್ ಲೆಕ್ಕಕ್ಕೆ ಸೇರಿಬಿಟ್ಟರೆ ಎಲ್ಲ ಟಿಕೆಟ್‌ಗೂ ಒಂದೇ ನಿಮಿಷ ಬರುತ್ತದೆ. ಅಷ್ಟು ಚಂದದ ಅಂಕಿ ನೋಡಿದರೆ ನಾವು ನಂಬುವುದಿಲ್ಲ.

ಆಮೇಲೆ ಸರಾಸರಿ. ಅವನ ಪಟ್ಟಿಯಿಂದ ಒಂದು ವಾರಾಂತ್ಯದ ಆಸುಪಾಸಿನ 9 ಟಿಕೆಟ್ ತೆಗೆದೆವು. ಮೊದಲ ಉತ್ತರಕ್ಕೆ ಹಿಡಿದ ನಿಮಿಷಗಳು ಹೀಗಿದ್ದವು: 6, 8, 9, 11, 12, 15, 18, 21, ಕೊನೆಯದು 2320. ಆ ಕೊನೆಯದು ಶನಿವಾರ ಸಂಜೆ 6:30ಕ್ಕೆ ಬಂದಿತ್ತು. ಇವನು ಸೋಮವಾರ ಬೆಳಿಗ್ಗೆ 9:10ಕ್ಕೆ ಉತ್ತರಿಸಿದ್ದ. ಕಚೇರಿ ತೆರೆಯುವುದು 9ಕ್ಕೆ. ಈ ಒಂಬತ್ತರ ಸರಾಸರಿ ತೆಗೆದರೆ 269 ನಿಮಿಷ, ಹತ್ತಿರ ಹತ್ತಿರ ನಾಲ್ಕೂವರೆ ಗಂಟೆ! ಎಂಟು ಜನರಿಗೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಉತ್ತರ ಕೊಟ್ಟವನು ಸೋಮಾರಿಯ ಹಾಗೆ ಕಾಣುತ್ತಾನೆ.

ಇದಕ್ಕೆ ಎರಡು ದಾರಿ ಇದೆ. ಒಂದು, ಕಚೇರಿ ಸಮಯ ಮಾತ್ರ ಲೆಕ್ಕ ಹಾಕುವುದು. ಆಗ ಆ ಟಿಕೆಟ್‌ಗೆ ಹಿಡಿದದ್ದು ಸೋಮವಾರದ 10 ನಿಮಿಷ ಅಷ್ಟೇ. ಇನ್ನೊಂದು, ಸರಾಸರಿಯ ಬದಲು ಮೀಡಿಯನ್ ತೆಗೆಯುವುದು. ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟು ಸರಿಯಾಗಿ ನಡುವೆ ಇರುವುದನ್ನು ಹಿಡಿಯುವುದು. ಮೇಲಿನ ಸಾಲಿನಲ್ಲಿ ಐದನೆಯದು, 12. ಆ 2320 ಎಷ್ಟೇ ಉಬ್ಬಿದರೂ ನಡುವಿನದು ಅಲುಗುವುದಿಲ್ಲ. ಎಕ್ಸೆಲ್‌ನಲ್ಲಿ ದೂರು ಬಂದ ಸಮಯ B ಕಾಲಂನಲ್ಲಿ, ಮೊದಲ ಉತ್ತರ C ಕಾಲಂನಲ್ಲಿ ಇದ್ದರೆ D ಕಾಲಂನಲ್ಲಿ ನಿಮಿಷ ಬರಿಸಿ, ಕೊನೆಗೆ ಮೀಡಿಯನ್ ತೆಗೆಯಿರಿ:

```
=(C2-B2)*1440
=MEDIAN(D2:D917)
```

1440 ಅಂದರೆ ಒಂದು ದಿನದ ನಿಮಿಷಗಳು. ಎಕ್ಸೆಲ್ ಸಮಯವನ್ನು ದಿನದ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೆ ಗುಣಿಸಬೇಕು.

ಇಲ್ಲೊಂದು ಹಳೆಯ ಗುಂಡಿ ಇದೆ. ಟೂಲ್‌ನಿಂದ ಬಂದ CSV ಫೈಲಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ನಿಮ್ಮ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದನ್ನು ತಿರುವುಮುರುವಾಗಿ ಓದುತ್ತದೆ. ಜುಲೈ 5ಕ್ಕೆ ಬಂದು ಜುಲೈ 6ಕ್ಕೆ ಉತ್ತರಿಸಿದ ಟಿಕೆಟ್, ಮೇ 7ಕ್ಕೆ ಬಂದು ಜೂನ್ 7ಕ್ಕೆ ಉತ್ತರಿಸಿದ್ದು ಅಂತ ಆಗುತ್ತದೆ. ಒಂದು ದಿನ ಹೋಗಿ 31 ದಿನ! 12ನೇ ತಾರೀಖಿನ ನಂತರದವು ತಾರೀಖು ಅಂತಲೇ ಅನ್ನಿಸಿಕೊಳ್ಳದೆ ಬರೀ ಅಕ್ಷರವಾಗಿ ಉಳಿಯುತ್ತವೆ, ಲೆಕ್ಕದ ಜಾಗದಲ್ಲಿ #VALUE! ಬರುತ್ತದೆ. ಕಾಲಂನಲ್ಲಿ ಕೆಲವು ತಾರೀಖು ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಇದೇ ಕಾಯಿಲೆ. ಆಗ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವುದನ್ನು ಬಿಟ್ಟು, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ. ಆ ಕಾಲಂನಲ್ಲಿ ದಿನ ಮೊದಲು ಬರುತ್ತದೆ ಅಂತ ಅಲ್ಲೇ ತಿಳಿಸಿ.

ರೆಸಲ್ಯೂಶನ್ ಟೈಮ್ ಬಗ್ಗೆ ಒಂದೇ ಮಾತು. ಮರ ಬಿದ್ದು ಫೈಬರ್ ತುಂಡಾದರೆ, ಲೈನಿನವರು ಬಂದು ಜೋಡಿಸುವವರೆಗೂ ನೀವು ಕಾಯಲೇಬೇಕು. ಅಷ್ಟು ಹೊತ್ತು ಟಿಕೆಟ್ ‘ಪೆಂಡಿಂಗ್’ನಲ್ಲಿತ್ತಾ, ಆಗ ನಿಮ್ಮ ಟೂಲ್ ಗಡಿಯಾರ ನಿಲ್ಲಿಸುತ್ತದಾ ಅನ್ನುವುದನ್ನು ನೋಡಿಕೊಂಡೇ ಅಂಕಿ ಬರೆಯಿರಿ.

ಇನ್ನು ಸಿಸ್ಟಮ್‌ಗಳು. ಅವನ 112 ಬಂದಿದ್ದು ಆಕ್ಟಿವ್ ಡೈರೆಕ್ಟರಿಯಲ್ಲಿರುವ ಕಂಪ್ಯೂಟರ್ ಹೆಸರುಗಳ ಎಣಿಕೆಯಿಂದ. ಹಳೆಯ ಮೆಷಿನ್ ಗುಜರಿಗೆ ಹೋದರೂ ಅದರ ಹೆಸರನ್ನು ಯಾರೂ ಅಳಿಸುವುದಿಲ್ಲ. ಸರ್ವರ್‌ಗಳನ್ನು ಬಿಟ್ಟು, ಕಳೆದ 90 ದಿನದಲ್ಲಿ ಲಾಗಿನ್ ಆದವನ್ನು ಮಾತ್ರ ಎಣಿಸಿದೆವು:

```
Get-ADComputer -Filter 'OperatingSystem -notlike "*Server*"' -Properties LastLogonDate |
  Where-Object { $_.LastLogonDate -gt (Get-Date).AddDays(-90) } |
  Measure-Object
```

64 ಬಂತು. ಈ ತಾರೀಖು ಎರಡು ವಾರದಷ್ಟು ಹಿಂದೆ ಇರಬಹುದು, ಹಾಗಾಗಿ 90 ದಿನದ ಗಡಿ ಸರಿ, ಒಂದು ವಾರದ ಗಡಿ ಇಟ್ಟರೆ ತಪ್ಪುತ್ತದೆ. ಇದರ ಜೊತೆಗೆ 5 ಸ್ವಿಚ್, 11 ವೈಫೈ ಆಕ್ಸೆಸ್ ಪಾಯಿಂಟ್, 2 ಸರ್ವರ್, ಒಂದು ಫೈರ್‌ವಾಲ್. “ಫೈರ್‌ವಾಲ್ ಪಾಸ್‌ವರ್ಡ್ ಯಾರ ಹತ್ತಿರ?” ಅಂತ ಕೇಳಿದೆ. ಅದು ಬೆಂಗಳೂರಿನ ಒಂದು ಏಜೆನ್ಸಿಯ ಕೈಯಲ್ಲಿತ್ತು. ಇವನು ಲಾಗ್ ನೋಡಿ ಅವರಿಗೆ ಫೋನ್ ಮಾಡುತ್ತಿದ್ದ. ಹಾಗಾದರೆ ಸ್ವಿಚ್‌ಗಳಿಗೆ ‘ನಿರ್ವಹಣೆ’ ಅಂತ ಬರೆ, ಫೈರ್‌ವಾಲ್‌ಗೆ ‘ಏಜೆನ್ಸಿ ಜೊತೆ ಮೇಲ್ವಿಚಾರಣೆ’ ಅಂತ ಬರೆ ಅಂದೆ. ಈ ಒಂದು ಕ್ರಿಯಾಪದ ತಪ್ಪಿದರೆ ಇಂಟರ್‌ವ್ಯೂನ ಮುಂದಿನ ಹತ್ತು ನಿಮಿಷ ನ್ಯಾಟ್ ರೂಲ್ ಬಗ್ಗೆಯೇ ಕೇಳುತ್ತಾರೆ.

ನನಗೆ ಅವನ ಪಟ್ಟಿಯಲ್ಲಿ ತುಂಬಾ ಇಷ್ಟವಾದದ್ದು ಅವನು ಬರೆಯದೇ ಬಿಟ್ಟಿದ್ದ ಒಂದು ವಿಷಯ. ನೆಟ್‌ವರ್ಕ್ ದೂರುಗಳನ್ನು ಕಟ್ಟಡದ ಪ್ರಕಾರ ವಿಂಗಡಿಸಿದಾಗ ಅದು ಕಣ್ಣಿಗೆ ಬಿತ್ತು. 2023ರ ಜೂನ್, ಜುಲೈನಲ್ಲಿ ಗೋಡೌನ್ ಒಂದರಿಂದಲೇ 27 ‘ನೆಟ್ ಇಲ್ಲ’ ದೂರು. 2024ರ ಅದೇ ಎರಡು ತಿಂಗಳಲ್ಲಿ 3. ನಡುವೆ ಏನಾಯಿತು ಅಂತ ಕೇಳಿದರೆ, “ಅದಾ ಸರ್, ಕೇಬಲ್ ಚೇಂಜ್ ಮಾಡಿಸಿದೆ” ಅಂತ ಸುಮ್ನೆ ಹೇಳಿಬಿಟ್ಟ.

ಬಿಡಿಸಿ ಕೇಳಿದಾಗ ಕಥೆ ಹೊರಬಂತು. ಪ್ರತಿ ಸಲ ಗೋಡೌನ್‌ನ ಸ್ವಿಚ್ ಆಫ್ ಆನ್ ಮಾಡಿದರೆ ಸರಿಹೋಗುತ್ತಿತ್ತು, ಟಿಕೆಟ್ ಮುಚ್ಚುತ್ತಿದ್ದರು. ಇವನಿಗೆ ಅನುಮಾನ ಬಂದು ಕಚೇರಿ ಕಡೆಯ ಸ್ವಿಚ್‌ನಲ್ಲಿ ಆ ಪೋರ್ಟ್‌ನ ಎಣಿಕೆ ನೋಡಿದ್ದಾನೆ. CRC ದೋಷಗಳು ಗಂಟೆ ಗಂಟೆಗೂ ಏರುತ್ತಿದ್ದವು. ಅಂದರೆ ಡೇಟಾ ದಾರಿಯಲ್ಲೇ ಕೆಡುತ್ತಿದೆ. ಆಮೇಲೆ ಟೇಪ್ ಹಿಡಿದು ಕೇಬಲ್ ದಾರಿ ಅಳೆದಿದ್ದಾನೆ. 130 ಮೀಟರ್! ತಾಮ್ರದ ಈಥರ್ನೆಟ್ ಕೇಬಲ್‌ಗೆ ಮಿತಿ 100 ಮೀಟರ್. ಬೇಸಿಗೆಯಲ್ಲಿ ಹೇಗೋ ಎಳೆದುಕೊಂಡು ಹೋಗುತ್ತಿತ್ತು, ಮಳೆಗೆ ಹೊರಗಿನ ಜೋಡಣೆಗಳಲ್ಲಿ ತೇವ ಸೇರಿದರೆ ಕೈಬಿಡುತ್ತಿತ್ತು. ಮ್ಯಾನೇಜರ್‌ಗೆ ಆ 27 ಟಿಕೆಟ್ ತೋರಿಸಿ ಫೈಬರ್ ಹಾಕಿಸಿದ. ಎಳೆದದ್ದು ಗುತ್ತಿಗೆದಾರ. ಎರಡೂ ಕಡೆ ಮಾಡ್ಯೂಲ್ ಹಾಕಿ, ಪೋರ್ಟ್ ಹೊಂದಿಸಿ, ಪರೀಕ್ಷೆ ಮಾಡಿದ್ದು ಇವನು. ಫೈಬರ್‌ನಿಂದ ಇನ್ನೊಂದು ಲಾಭವೂ ಆಯಿತು. ಗುಡುಗು ಮಿಂಚಿನ ದಿನ ಒಂದು ಕಟ್ಟಡದ ಹೊಡೆತ ತಾಮ್ರದ ತಂತಿ ಹಿಡಿದು ಇನ್ನೊಂದರ ಸ್ವಿಚ್‌ಗೆ ಬರುವ ದಾರಿ ಮುಚ್ಚಿತು.

ಮುಗಿಸಿದ ಟಿಕೆಟ್‌ಗಿಂತ ಬರದಂತೆ ಮಾಡಿದ ಟಿಕೆಟ್‌ಗೆ ಬೆಲೆ ಜಾಸ್ತಿ. ವಿಚಿತ್ರ ಅಂದರೆ, ಒಳ್ಳೆಯ ಕೆಲಸ ಮಾಡಿದರೆ ನಿಮ್ಮ ಮೊದಲ ಅಂಕಿಯೇ ಕಡಿಮೆಯಾಗುತ್ತದೆ. ಅದಕ್ಕೇ ಆ ಇಳಿತವನ್ನು ಬೇರೆ ಸಾಲಾಗಿ ಬರೆಯಬೇಕು. ಹೋಲಿಸುವಾಗ ಮಳೆಗಾಲವನ್ನು ಮಳೆಗಾಲಕ್ಕೇ ಹೋಲಿಸಿ. ಜುಲೈಯನ್ನು ಫೆಬ್ರವರಿಗೆ ಹೋಲಿಸಿದರೆ ಏನೂ ಮಾಡದವನಿಗೂ ಒಳ್ಳೆಯ ಅಂಕಿ ಬರುತ್ತದೆ.

ಕೊನೆಗೆ ಅವನ ರೆಸ್ಯೂಮ್ ಹೀಗಾಯಿತು. ಅವನು ಬರೆದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಓದುತ್ತೇನೆ. “14 ತಿಂಗಳಲ್ಲಿ 916 ಟಿಕೆಟ್ ಪರಿಹಾರ, ತಿಂಗಳಿಗೆ ಸುಮಾರು 65, ಕಚೇರಿ ಸಮಯದಲ್ಲಿ ಮೊದಲ ಉತ್ತರದ ಮೀಡಿಯನ್ 11 ನಿಮಿಷ. 64 ಕಂಪ್ಯೂಟರ್, 5 ಸ್ವಿಚ್, 11 ಆಕ್ಸೆಸ್ ಪಾಯಿಂಟ್, 2 ಸರ್ವರ್ ನಿರ್ವಹಣೆ. ಫೈರ್‌ವಾಲ್ ಏಜೆನ್ಸಿ ಜೊತೆ ಮೇಲ್ವಿಚಾರಣೆ. ಮಿತಿ ಮೀರಿದ ಕೇಬಲ್ ಪತ್ತೆ ಹಚ್ಚಿ ಫೈಬರ್‌ಗೆ ಬದಲಾವಣೆ. ಗೋಡೌನ್‌ನ ಮಳೆಗಾಲದ ದೂರು 27ರಿಂದ 3ಕ್ಕೆ.” ಆ 11 ನಿಮಿಷ ಪೂರ್ತಿ 916 ಟಿಕೆಟ್‌ಗಳದ್ದು.

ನಿಮ್ಮಲ್ಲಿ ಹಲವರ ಕಚೇರಿಯಲ್ಲಿ ಟಿಕೆಟ್ ಟೂಲೇ ಇಲ್ಲ, ಎಲ್ಲ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತದೆ. ಅದೂ ದಾಖಲೆಯೇ. ಗುಂಪಿನ ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಮೆಸೇಜಿಗೂ ತಾರೀಖು, ಸಮಯ ಇರುವ ಫೈಲ್ ಸಿಗುತ್ತದೆ. ಎರಡು ತಿಂಗಳದ್ದು ತೆಗೆದುಕೊಂಡು, ದೂರಿನ ಮೊದಲ ಮೆಸೇಜು, ನಿಮ್ಮ ಮೊದಲ ಉತ್ತರ, ಎರಡನ್ನೂ ಶೀಟಿಗೆ ಹಾಕಿ. ರೆಸ್ಯೂಮ್‌ನಲ್ಲಿ ‘ಎರಡು ತಿಂಗಳ ದಾಖಲೆಯ ಪ್ರಕಾರ’ ಅಂತ ಸೇರಿಸಿ. ಮುಂಚೆ ಮೇಲಿನವರ ಒಪ್ಪಿಗೆ ಕೇಳಿ. ಮನೆಗೆ ತರುವುದು ಎಣಿಕೆ ಮಾತ್ರ. ಜನರ ಹೆಸರು, ಒಳಗಿನ ಐಪಿ ವಿಳಾಸ, ನೆಟ್‌ವರ್ಕ್ ನಕ್ಷೆ ಯಾವುದೂ ನಿಮ್ಮ ಫೈಲಿನಲ್ಲಿ ಇರಬಾರದು. ಇಂಟರ್‌ವ್ಯೂನಲ್ಲಿ ಹಳೆ ಕಂಪನಿಯ ಐಪಿ ಪಟ್ಟಿ ತೆರೆದು ತೋರಿಸಿದವರನ್ನು ನಾನು ನೋಡಿದ್ದೇನೆ, ಅವರಿಗೆ ಕೆಲಸ ಸಿಗಲಿಲ್ಲ.

ನನ್ನ ಮಾತು ಇಷ್ಟೇ. ಶೀಟ್ ತಂದಿರುವವರು ಮುಂದೆ ಬನ್ನಿ, ಮೊದಲು ತಾರೀಖಿನ ಕಾಲಂ ನೋಡೋಣ.