ಪಂಪ್‌ವೆಲ್‌ನಿಂದ ಕೊನೆಯ ಮೂರು ಕಿಲೋಮೀಟರ್: ಬೈಕ್ ಟ್ಯಾಕ್ಸಿಯವರಿಗೆ ಓಟಿಪಿ ಹೇಳುವ ಮೊದಲು

[ದೃಶ್ಯ: ಬೆಳಗ್ಗೆ ಆರು ಗಂಟೆ. ಪಂಪ್‌ವೆಲ್ ಫ್ಲೈಓವರಿನ ಕೆಳಗೆ ಬಸ್ಸಿನಿಂದ ಜನ ಇಳಿಯುತ್ತಿದ್ದಾರೆ. ಹೆಗಲಿಗೆ ಬ್ಯಾಗ್ ಹಾಕಿಕೊಂಡು ನಿರೂಪಕಿ ಕ್ಯಾಮೆರಾ ಕಡೆ ಬರುತ್ತಾರೆ.]

ನಮಸ್ಕಾರ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಮಂಗಳೂರಿಗೆ ಬರುವವರಿಗೆಲ್ಲ ಈ ಜಾಗ ಚೆನ್ನಾಗಿ ಗೊತ್ತು. ಬಿ.ಸಿ. ರೋಡ್ ದಾಟುವಾಗ ಎಚ್ಚರ ಆಗುತ್ತದೆ, ಪಡೀಲ್ ಬಂದಾಗ ಚಪ್ಪಲಿ ಹುಡುಕುತ್ತೇವೆ, ಪಂಪ್‌ವೆಲ್‌ನಲ್ಲಿ ಕಣ್ಣುಜ್ಜಿಕೊಂಡು ಇಳಿಯುತ್ತೇವೆ. ಮುನ್ನೂರೈವತ್ತು ಕಿಲೋಮೀಟರ್ ಬಂದಾಯ್ತು. ಮನೆಗೆ ಇನ್ನು ಮೂರೇ ಮೂರು ಕಿಲೋಮೀಟರ್.

ನಾನು ಹೋಗಬೇಕಾದದ್ದು ಜೆಪ್ಪಿನಮೊಗರಿಗೆ, ಚಿಕ್ಕಮ್ಮನ ಮನೆಗೆ. ಒಬ್ಬಳೇ ಇದ್ದೇನೆ, ಒಂದು ಬ್ಯಾಗ್ ಅಷ್ಟೆ. ಇಂಥ ಹೊತ್ತಿಗೆ ಬೈಕ್ ಟ್ಯಾಕ್ಸಿ ಸರಿಯಾಗುತ್ತದೆ. ಇವತ್ತು ಆ ಬುಕಿಂಗನ್ನು ಮೊದಲಿನಿಂದ ಕೊನೆವರೆಗೆ ನಿಮ್ಮ ಮುಂದೆಯೇ ಮಾಡುತ್ತೇನೆ. ನೀವು ಗಮನಿಸಬೇಕಾದದ್ದು ಒಂದು ಕ್ಷಣ: ಓಟಿಪಿ ಹೇಳುವ ಕ್ಷಣ. ಓಟಿಪಿ ಹಾಕಿದ ಕೂಡಲೇ ಆಪ್‌ನಲ್ಲಿ ಪ್ರಯಾಣ ಶುರುವಾಯಿತು ಅಂತ ದಾಖಲಾಗುತ್ತದೆ. ಆಮೇಲೆ ಹೆಲ್ಮೆಟ್ ಸರಿಯಿಲ್ಲ, ದಾರಿ ಅದಲ್ಲ ಅಂದರೆ ಮಾತು ಜಗಳದ ಕಡೆ ಹೋಗುತ್ತದೆ. ಅದಕ್ಕೆ ಮೊದಲು ಕೇಳಿದರೆ ಇಬ್ಬರಿಗೂ ಎರಡು ನಿಮಿಷದ ಮಾತು.

[ದೃಶ್ಯ: ಮೊಬೈಲ್ ಪರದೆ. ಹುಡುಕುವ ಜಾಗದಲ್ಲಿ ‘ಜೆಪ್ಪು’ ಎಂದು ಟೈಪ್ ಆಗುತ್ತಿದೆ.]

ಮೊದಲು ಇಳಿಯುವ ಜಾಗ. ನಾನು ‘ಜೆಪ್ಪು’ ಅಂತ ಹೊಡೆದರೆ ಆಪ್ ಜೆಪ್ಪುವನ್ನೇ ತೋರಿಸುತ್ತದೆ. ಆದರೆ ಜೆಪ್ಪು ಬೇರೆ, ಜೆಪ್ಪಿನಮೊಗರು ಬೇರೆ. ಜೆಪ್ಪು ಮೋರ್ಗನ್ಸ್ ಗೇಟ್, ಮಂಗಳಾದೇವಿ ಕಡೆ. ಜೆಪ್ಪಿನಮೊಗರು ಹೈವೇ ಹತ್ತಿರ, ನೇತ್ರಾವತಿ ಸೇತುವೆಗಿಂತ ಸ್ವಲ್ಪ ಹಿಂದೆ. ನಮ್ಮೂರಲ್ಲಿ ಇಂಥ ಜೋಡಿ ಹೆಸರು ಜಾಸ್ತಿ. ಬಜಾಲ್ ಪಡೀಲಿನ ಹತ್ತಿರ, ಬಜ್ಪೆ ವಿಮಾನ ನಿಲ್ದಾಣದ ಕಡೆ. ಕಂಕನಾಡಿಯದ್ದು ಇನ್ನೂ ಗೊಂದಲ. ಈಗಿನ ಮಂಗಳೂರು ಜಂಕ್ಷನ್ ರೈಲು ನಿಲ್ದಾಣಕ್ಕೆ ಹಿಂದೆ ಕಂಕನಾಡಿ ಅಂತಲೇ ಹೆಸರಿತ್ತು. ಹಿರಿಯರು ಇವತ್ತಿಗೂ ‘ಕಂಕನಾಡಿ ಸ್ಟೇಷನ್’ ಅನ್ನುತ್ತಾರೆ. ಅದನ್ನೇ ನಂಬಿ ಕಂಕನಾಡಿ ಮಾರ್ಕೆಟ್ಟಿಗೆ ಬುಕ್ ಮಾಡಿದರೆ ರೈಲು ತಪ್ಪಿತು ಅಂತಲೇ ಲೆಕ್ಕ.

ಹಾಗಾಗಿ ಹೆಸರು ಬಂದ ತಕ್ಷಣ ಒಪ್ಪಿಕೊಳ್ಳಬೇಡಿ. ಮ್ಯಾಪನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಪಿನ್ ಎಲ್ಲಿ ಕೂತಿದೆ ನೋಡಿ. ಇಲ್ಲಿ ನೋಡಿ, ನನ್ನ ಪಿನ್ ಹೈವೇಯ ಎಡಗಡೆ ಬಿದ್ದಿದೆ. ಚಿಕ್ಕಮ್ಮನ ಮನೆ ಇರುವುದು ಬಲಗಡೆ. ಪರದೆಯ ಮೇಲೆ ಒಂದು ಉಗುರಿನಷ್ಟು ದೂರ. ನಿಜವಾಗಿ ಅಲ್ಲಿ ಮಧ್ಯದಲ್ಲಿ ಡಿವೈಡರ್ ಇದೆ, ಲಾರಿ ಬಸ್ಸು ಎಲ್ಲ ರಭಸದಿಂದ ಬರುತ್ತವೆ. ಬೆಳಗಿನ ಮಬ್ಬಿನಲ್ಲಿ ಬ್ಯಾಗ್ ಹೊತ್ತು ಅದನ್ನು ದಾಟುವ ಕೆಲಸ ಬೇಡ. ಪಿನ್ನನ್ನು ಮನೆಯ ಗಲ್ಲಿಯ ಬಾಯಿಗೆ ಎಳೆದು ಇಡುತ್ತೇನೆ. ದರ ಸ್ವಲ್ಪ ಏರಿತು. ಏರಲಿ, ಯೂ-ಟರ್ನ್ ಹೊಡೆದು ಬರುವ ದೂರ ಅದರಲ್ಲಿ ಸೇರಿದೆ.

[ದೃಶ್ಯ: ಫ್ಲೈಓವರಿನ ಕೆಳಗಿನ ವೃತ್ತ. ಕ್ಯಾಮೆರಾ ನಿಧಾನವಾಗಿ ನಾಲ್ಕೂ ಕಡೆ ತಿರುಗುತ್ತದೆ.]

ಬುಕ್ ಆಯ್ತು, ಫೋನ್ ಬಂತು. ‘ಅಕ್ಕ, ಪಂಪ್‌ವೆಲ್‌ನಲ್ಲಿ ಎಲ್ಲಿ?’

ಇಲ್ಲಿ ‘ಫ್ಲೈಓವರ್ ಹತ್ತಿರ’ ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ: ಕಂಕನಾಡಿ ಕಡೆ, ನಂತೂರು ಕಡೆ, ಪಡೀಲ್ ಕಡೆ, ತೊಕ್ಕೊಟ್ಟು ಕಡೆ. ನಂತೂರಿನಿಂದ ಬರುವವರು ಫ್ಲೈಓವರ್ ಹತ್ತಿಬಿಟ್ಟರೆ ನಮ್ಮ ತಲೆಯ ಮೇಲೆಯೇ ದಾಟಿ ಹೋಗುತ್ತಾರೆ. ನಾನು ಹೇಳುವುದು ಹೀಗೆ: ‘ಅಣ್ಣ, ತೊಕ್ಕೊಟ್ಟಿಗೆ ಹೋಗುವ ಸರ್ವಿಸ್ ರೋಡಲ್ಲಿ ಎಡಗಡೆ ನಿಂತಿದ್ದೇನೆ. ಮೇಲೆ ಹತ್ತಬೇಡಿ, ಕೆಳಗಿನಿಂದ ಬನ್ನಿ. ಎರಡು ಹೆಲ್ಮೆಟ್ ಇದೆಯಲ್ವಾ?’

ಹೆಲ್ಮೆಟ್ ವಿಷಯ ಫೋನಿನಲ್ಲೇ ಕೇಳುವುದು ನನ್ನ ಅಭ್ಯಾಸ. ಇಲ್ಲದಿದ್ದರೆ ಅವರೂ ಸುಮ್ನೆ ಪೆಟ್ರೋಲ್ ಸುಟ್ಟು ಇಲ್ಲಿವರೆಗೆ ಬರಬೇಕಾಗಿಲ್ಲ. ಮಳೆಗಾಲದಲ್ಲಿ ಇನ್ನೊಂದು ಮಾತು ಸೇರಿಸುತ್ತೇನೆ. ಜೋರು ಮಳೆಗೆ ಈ ವೃತ್ತದಲ್ಲಿ ನೀರು ನಿಲ್ಲುತ್ತದೆ. ಹಾಗಾದ ದಿನ ಬೈಕಿನ ಯೋಚನೆ ಬಿಟ್ಟು ಆಟೋ ಹತ್ತುತ್ತೇನೆ. ನೀರಿನ ಕೆಳಗಿನ ಹೊಂಡ ಯಾರ ಕಣ್ಣಿಗೂ ಕಾಣುವುದಿಲ್ಲ.

[ದೃಶ್ಯ: ಬೈಕ್ ಬಂದು ನಿಲ್ಲುತ್ತದೆ. ನಂಬರ್ ಪ್ಲೇಟ್ ಮಸುಕು ಮಾಡಿ ತೋರಿಸಿದೆ.]

ಬೈಕ್ ಬಂತು. ನಂಬರಿನ ಕೊನೆಯ ನಾಲ್ಕು ಅಂಕಿ ಆಪ್‌ನಲ್ಲಿರುವುದಕ್ಕೆ ತಾಳೆ ಆಗಬೇಕು. ‘ಅದು ತಮ್ಮನ ಗಾಡಿ, ಇವತ್ತು ಇದನ್ನು ತಂದೆ’ ಅಂದರೆ ನಾನು ಹತ್ತುವುದಿಲ್ಲ. ಏನಾದರೂ ಆದರೆ ನಾನು ಯಾವ ಗಾಡಿಯಲ್ಲಿದ್ದೆ ಅನ್ನುವುದಕ್ಕೆ ಇರುವ ದಾಖಲೆ ಆಪ್‌ನಲ್ಲಿರುವ ಆ ನಂಬರ್ ಮಾತ್ರ. ಪ್ಲೇಟಿನ ಬಣ್ಣವನ್ನೂ ನೋಡಿ. ಬಾಡಿಗೆಗೆ ನೋಂದಣಿಯಾದ ಗಾಡಿಗೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ. ಎಲೆಕ್ಟ್ರಿಕ್ ಆದರೆ ಹಸಿರಿನ ಮೇಲೆ ಹಳದಿ. ಹೈಕೋರ್ಟಿನ ಆದೇಶದಿಂದ ನಮ್ಮ ರಾಜ್ಯದಲ್ಲಿ 2025ರ ಜೂನ್ 16ರಿಂದ ಬೈಕ್ ಟ್ಯಾಕ್ಸಿ ನಿಂತಿತ್ತು, ನೆನಪಿದೆಯಲ್ವಾ? 2026ರ ಜನವರಿಯಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ಹಿಂದಿನ ಆದೇಶವನ್ನು ರದ್ದು ಮಾಡಿ, ಪರ್ಮಿಟ್ ಪಡೆದು ಓಡಿಸಲು ದಾರಿ ಮಾಡಿಕೊಟ್ಟಿತು. ಪ್ಲೇಟಿನ ಬಣ್ಣ ನೋಡಿ ಎನ್ನುವುದು ಅದಕ್ಕೇ.

[ದೃಶ್ಯ: ಸವಾರರು ಹೆಲ್ಮೆಟ್ ಕೊಡುತ್ತಾರೆ. ಕ್ಯಾಮೆರಾ ಹೆಲ್ಮೆಟ್ಟಿನ ಒಳಭಾಗಕ್ಕೆ ಹತ್ತಿರ.]

ಈಗ ಹೆಲ್ಮೆಟ್. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಕೊಟ್ಟದ್ದನ್ನು ತಲೆಗೆ ಹಾಕಿಕೊಂಡರೆ ಕೆಲಸ ಮುಗಿಯಿತು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ.

ಹೋದ ವರ್ಷ ಇದೇ ದಾರಿ. ಹೆಲ್ಮೆಟ್ ಕೊಟ್ಟರು, ಹಾಕಿಕೊಂಡೆ. ಸ್ಟ್ರ್ಯಾಪ್ ಹಾಕಲು ಹೋದರೆ ಕ್ಲಿಪ್ಪಿನ ಒಂದು ಹಲ್ಲು ಮುರಿದಿತ್ತು. ‘ಪರವಾಗಿಲ್ಲ, ಹತ್ತಿರ ಅಲ್ವಾ’ ಅಂತ ಹೊರಟೆವು. ಉಜ್ಜೋಡಿ ದಾಟಿ ಎಕ್ಕೂರು ಬರುವಾಗ ಪಕ್ಕದಲ್ಲಿ ಒಂದು ಬಸ್ಸು ಹೋಯಿತು. ಅದರ ಗಾಳಿಗೆ ಹೆಲ್ಮೆಟ್ ಹಿಂದಕ್ಕೆ ಎದ್ದು ಕುತ್ತಿಗೆಯ ಮೇಲೆ ಬಿತ್ತು. ಹಿಡಿಯಲು ಎರಡೂ ಕೈ ಎತ್ತಿದೆ. ಹೈವೇಯಲ್ಲಿ, ಓಡುವ ಬೈಕಿನ ಹಿಂದೆ, ಎರಡೂ ಕೈ ಬಿಟ್ಟು ಕೂತಿದ್ದೆ. ಬೀಳಲಿಲ್ಲ. ಆದರೆ ಆ ಎರಡು ಸೆಕೆಂಡ್ ಈಗಲೂ ಮರೆತಿಲ್ಲ.

ಹಾಗಾಗಿ ಮೊದಲು ಕ್ಲಿಪ್. ಕೈಯಲ್ಲೇ ಇಟ್ಟುಕೊಂಡು ಹಾಕಿ ನೋಡಿ. ‘ಟಿಕ್’ ಅಂತ ಸದ್ದು ಬರಬೇಕು, ಎಳೆದರೆ ಬಿಚ್ಚಬಾರದು. ಆಮೇಲೆ ಹೆಲ್ಮೆಟ್ ತಿರುಗಿಸಿ ಒಳಗೆ ಹೆಬ್ಬೆರಳು ಒತ್ತಿ. ಬಟ್ಟೆಯ ಹಿಂದೆ ದಪ್ಪನೆಯ, ಗಟ್ಟಿ ಥರ್ಮೋಕೋಲ್ ಸಿಗಬೇಕು. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ ತಲೆಗೆ ಬರುವ ಹೊಡೆತವನ್ನು ತಗ್ಗಿಸುತ್ತದೆ. ಬೆರಳಿಗೆ ನೇರವಾಗಿ ಪ್ಲಾಸ್ಟಿಕ್ ಚಿಪ್ಪು ತಗುಲಿದರೆ ಅದು ಹೆಲ್ಮೆಟ್ ಅಲ್ಲ, ಬರೀ ಟೋಪಿ. ಥರ್ಮೋಕೋಲ್ ಬಿರುಕು ಬಿಟ್ಟಿದ್ದರೂ ಬೇಡ. ಹೊರಗೆ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 4151 ಅನ್ನುವ ಸಂಖ್ಯೆ ಇರಬೇಕು. ಗುರುತು ಅಂಟಿಸಿದ ನಕಲಿಗಳೂ ಇವೆ, ಅದಕ್ಕೇ ಹೆಬ್ಬೆರಳಿನ ಪರೀಕ್ಷೆಯನ್ನು ನಾನು ಜಾಸ್ತಿ ನಂಬುತ್ತೇನೆ.

[ದೃಶ್ಯ: ನಿರೂಪಕಿ ಕರ್ಚೀಫ್ ಕಟ್ಟಿಕೊಂಡು ಹೆಲ್ಮೆಟ್ ಹಾಕುತ್ತಾರೆ. ಹಿಂಬದಿಯಿಂದ ಕೈಯಲ್ಲಿ ಮುಂದಕ್ಕೆ ತಳ್ಳುತ್ತಾರೆ.]

ಬೇರೆಯವರು ಹಾಕಿದ ಬೆವರಿನ ಹೆಲ್ಮೆಟ್ ಅಂತ ಅಸಹ್ಯ ಆಗುವುದು ಸಹಜ. ಒಂದು ತೆಳು ಕರ್ಚೀಫ್ ಕಟ್ಟಿಕೊಳ್ಳಿ. ದಪ್ಪ ಶಾಲು ಬೇಡ, ಹೆಲ್ಮೆಟ್ ಜಾರುತ್ತದೆ. ಜುಟ್ಟನ್ನು ನೆತ್ತಿಯ ಮೇಲೆ ಕಟ್ಟಿದ್ದರೆ ಕೆಳಗೆ ಇಳಿಸಿ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಲಿ. ಸ್ಟ್ರ್ಯಾಪಿನ ಕೆಳಗೆ ಒಂದು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಈಗ ಹಿಂದಿನಿಂದ ಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ತಳ್ಳಿ. ಕಳಚಿ ಬಂತಾ? ಹಾಗಾದರೆ ಬಿದ್ದಾಗಲೂ ಕಳಚುತ್ತದೆ.

ಹಿಂದೆ ಕೂತವರಿಗೂ ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ‘ಒಳಗಿನ ದಾರಿಯಲ್ಲಿ ಹೋಗೋಣ, ಪೊಲೀಸರು ಇರಲ್ಲ’ ಅನ್ನುವ ಮಾತು ಕೆಲವೊಮ್ಮೆ ಬರುತ್ತದೆ. ನನ್ನ ಉತ್ತರ ಒಂದೇ: ‘ಇಲ್ಲ ಅಣ್ಣ, ಹೆಲ್ಮೆಟ್ ಇಲ್ಲದೆ ಬರಲ್ಲ. ಕ್ಯಾನ್ಸಲ್ ಮಾಡ್ತೇನೆ, ಬೇಜಾರು ಮಾಡ್ಕೋಬೇಡಿ.’ ಕ್ಯಾನ್ಸಲ್ ಮಾಡುವಾಗ ಕಾರಣದ ಜಾಗದಲ್ಲಿ ಹೆಲ್ಮೆಟ್ ಇಲ್ಲ ಅಂತಲೇ ಬರೆಯಿರಿ. ಸುಮ್ನೆ ‘ಪ್ಲಾನ್ ಬದಲಾಯಿತು’ ಅಂತ ಒತ್ತಿದರೆ ಶುಲ್ಕ ನಿಮ್ಮ ಮೇಲೆ ಬೀಳಬಹುದು. ದಿನವೂ ಹೋಗುವವರಾದರೆ ಸ್ವಂತ ಹೆಲ್ಮೆಟ್ ಇಟ್ಟುಕೊಳ್ಳಿ, ಈ ತಾಪತ್ರಯವೇ ಇಲ್ಲ.

[ದೃಶ್ಯ: ಇಬ್ಬರೂ ಮೊಬೈಲ್ ನೋಡುತ್ತಿದ್ದಾರೆ.]

ಕೊನೆಗೆ ದಾರಿ. ಮ್ಯಾಪ್ ಇದೆ, ಆದರೂ ಬಾಯಿಬಿಟ್ಟು ಹೇಳುತ್ತೇನೆ. ‘ಉಜ್ಜೋಡಿ, ಎಕ್ಕೂರು, ಹೈವೇಯಲ್ಲೇ ಸೀದಾ. ಮನೆ ಬಲಗಡೆ. ಮುಂದೆ ಹೋಗಿ ಯೂ-ಟರ್ನ್ ತಗೊಂಡು ವಾಪಸ್ ಬರೋಣ. ರಾಂಗ್ ಸೈಡ್ ಬೇಡ ಅಣ್ಣ.’

ಈ ಕೊನೆಯ ವಾಕ್ಯ ಯಾಕೆ? ಬೈಕು ಸಣ್ಣದು. ಮುಂದಿನ ತಿರುವಿನವರೆಗೆ ಹೋಗುವ ಬದಲು ಎದುರು ದಿಕ್ಕಿನಲ್ಲಿ ಅಂಚಿಗೆ ಅಂಟಿಕೊಂಡು ಹೋದರೆ ಒಂದು ನಿಮಿಷ ಉಳಿಯುತ್ತದೆ. ಆಗಲೇ ಗಲ್ಲಿಯಿಂದ ಹೊರಬರುವ ಸ್ಕೂಟರಿನವರು ಬಲಗಡೆ ಮಾತ್ರ ನೋಡಿಕೊಂಡು ಬರುತ್ತಾರೆ. ಎಡಗಡೆಯಿಂದ ಬೈಕ್ ಬರುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಓಡುವಾಗ ಹಿಂದಿನಿಂದ ಕಿರುಚಿದರೆ ಗಾಳಿಗೆ ಅರ್ಧ ಕೇಳುತ್ತದೆ, ಸವಾರರು ತಿರುಗಿ ನೋಡುತ್ತಾರೆ. ಅದೂ ಅಪಾಯ. ನಿಂತಾಗಲೇ ಮಾತಾಡಿ ಮುಗಿಸಿ.

ಅವರಿಗೆ ಬೇರೆ ದಾರಿ ಗೊತ್ತಿದ್ದರೆ ಕೇಳಿಸಿಕೊಳ್ಳಿ. ದಿನಾ ಓಡಾಡುವವರು, ಎಲ್ಲಿ ರಸ್ತೆ ಅಗೆದಿದ್ದಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಪ್ಪಿಗೆಯಾದ ದಾರಿಯ ಒಂದೆರಡು ಜಾಗದ ಹೆಸರು ಮನಸ್ಸಿನಲ್ಲಿಟ್ಟುಕೊಳ್ಳಿ, ಮನೆಯವರಿಗೆ ಪ್ರಯಾಣದ ಲಿಂಕ್ ಕಳಿಸಿ.

ಈಗ ಓಟಿಪಿ ಹೇಳುತ್ತೇನೆ.

[ದೃಶ್ಯ: ಬ್ಯಾಗಿನ ಪಟ್ಟಿ ಬಿಗಿ ಮಾಡಿ, ದುಪಟ್ಟಾ ಗಂಟು ಹಾಕಿ, ನಿರೂಪಕಿ ಎಡಗಡೆಯಿಂದ ಹತ್ತುತ್ತಾರೆ. ಬೈಕ್ ಸರ್ವಿಸ್ ರೋಡಿನಿಂದ ಹೈವೇ ಸೇರುತ್ತದೆ. ನಂತರ ಜೆಪ್ಪಿನಮೊಗರಿನ ಗಲ್ಲಿ.]

ಯೂ-ಟರ್ನ್ ತಗೊಂಡೇ ಬಂದೆವು. ಇಳಿಯುವಾಗಲೂ ಎಡಗಡೆಯಿಂದಲೇ ಇಳಿಯಿರಿ. ಹೆಚ್ಚಿನ ಬೈಕುಗಳಲ್ಲಿ ಸೈಲೆನ್ಸರ್ ಇರುವುದು ಬಲಗಡೆ. ಕಾಲಿನ ಮೀನಖಂಡ ತಗುಲಿದರೆ ಬೊಬ್ಬೆ ಏಳುತ್ತದೆ. ಗಾಡಿ ಪೂರ್ತಿ ನಿಂತ ಮೇಲೆ, ಸವಾರರ ಎರಡೂ ಕಾಲು ನೆಲದಲ್ಲಿ ಇರುವಾಗ, ಅವರ ಹೆಗಲು ಹಿಡಿದು ಇಳಿಯಿರಿ. ಹೆಲ್ಮೆಟ್ಟನ್ನು ಇಳಿದ ಮೇಲೆ ಬಿಚ್ಚಿ.

‘ತಗೊಳ್ಳಿ ಅಣ್ಣ, ಕ್ಲಿಪ್ ಚೆನ್ನಾಗಿದೆ.’

‘ಹೊಸದು ಅಕ್ಕ, ಹೋದ ವಾರ ತಂದದ್ದು.’

[ದೃಶ್ಯ: ಗೇಟಿನ ಬಳಿ ಚಿಕ್ಕಮ್ಮ ಟಾರ್ಚ್ ಹಿಡಿದು ನಿಂತಿದ್ದಾರೆ.]