ಲಾಳಿ ಓಡುವಾಗ ಕೈ ಎಲ್ಲಿರುತ್ತೆ?

ಈಗ ಪರದೆ ಮೇಲಿರೋದು ನೇಕಾರರ ಸಹಕಾರ ಸಂಘದ ಹಳೆಯ ಕರಪತ್ರದ ಫೋಟೊ. ನೋಡೋಕೆ ಚೆನ್ನಾಗಿದೆ, ಅಲ್ವಾ? ಆದರೆ ಸಂಘದವರು ಇದನ್ನು ನೋಡಿದರೆ ಈಗಲೂ ನಗುತ್ತಾರೆ. ಇದು ಹಗ್ಗ ಜಗ್ಗಿ ಲಾಳಿ ಓಡಿಸುವ ಮಗ್ಗ. ಇಲ್ಲಿ ನೋಡಿದರೆ ನೇಯುವವರು ಎರಡೂ ಅಂಗೈಗಳನ್ನು ಹಾಸಿನ ಎಳೆಗಳ ಮೇಲೆ ಹರಡಿದ್ದಾರೆ, ಲಾಳಿ ಸುಮ್ನೆ ಬಟ್ಟೆ ಮೇಲೆ ಕೂತಿದೆ. ಹೀಗೆ ಯಾರೂ ನೇಯುವುದಿಲ್ಲ.

ಹಾಗಾಗಿ ಸಂಘಕ್ಕೆ ನಾನು ತೆಗೆದ ಹೊಸ ಫೋಟೊಗಳಿಗೆ ಯಾರನ್ನೂ ಪೋಸ್ ಕೊಡಿ ಅನ್ನಲಿಲ್ಲ. "ಅಕ್ಕಾ, ನೀವು ನಿಮ್ಮ ಪಾಡಿಗೆ ನೇಯಿರಿ" ಅಂದೆ, ಅಷ್ಟೇ.

ಅಕ್ಕನ ಎಡಗೈ ನೋಡಿ. ಹೊಕ್ಕಿನ ಎಳೆಯನ್ನು ಬಡಿಯುವ ಬಾಚಣಿಗೆಯಂಥ ಹಣಿಗೆ ಕೂರಿಸಿದ ಚೌಕಟ್ಟಿನ ಮೇಲಿನ ಮರವನ್ನು ನಟ್ಟನಡುವೆ ಹಿಡಿದಿದೆ. ಒಂದು ಬದಿಗೆ ಹಿಡಿದು ಎಳೆದರೆ ಹಣಿಗೆ ಓರೆಯಾಗಿ ಬಡಿಯುತ್ತದೆ, ಹೊಕ್ಕು ನೇರವಾಗಿ ಕೂರುವುದಿಲ್ಲ. ಬಲಗೈ ಹಗ್ಗದ ಹಿಡಿಯಲ್ಲಿದೆ. ಮುಷ್ಟಿ ಬಿಗಿಯಿಲ್ಲ, ಮೊಣಕೈ ಮೈಗೆ ಹತ್ತಿರ. ತೋಳು ಬೀಸುವುದೇ ಇಲ್ಲ, ಮಣಿಕಟ್ಟಿನ ಒಂದು ಜಗ್ಗು ಸಾಕು. ಲಾಳಿ ಚೌಕಟ್ಟಿನ ಈ ತುದಿಯ ಪೆಟ್ಟಿಗೆಯಿಂದ ಆ ತುದಿಯ ಪೆಟ್ಟಿಗೆಗೆ ಹೋಗಿ ಬೀಳುತ್ತದೆ.

ಫೋಟೊ ಆರಿಸುವಾಗ ನಾನು ನೋಡಿದ್ದು ಮುಖವನ್ನಲ್ಲ, ಮೂರು ಜಾಗಗಳನ್ನು: ಕಾಲು, ಹಣಿಗೆ, ಲಾಳಿ. ಈ ಮೂರೂ ಒಂದೇ ಕ್ಷಣದ ಮಾತು ಹೇಳಬೇಕು. ಪೆಡಲ್ ತುಳಿದಾಗ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರೆಯಾಗಿ ಬಾಯಿ ತೆರೆಯುತ್ತವೆ. ಆಗ ಹಣಿಗೆ ನೇಯುವವರಿಂದ ದೂರ ಸರಿದಿರುತ್ತದೆ. ಲಾಳಿ ದಾಟುವುದು ಆವಾಗ ಮಾತ್ರ. ದಾಟಿದ ಮೇಲೆ ಎಡಗೈ ಹಣಿಗೆಯನ್ನು ತನ್ನ ಕಡೆ ಎಳೆದು ಹೊಕ್ಕನ್ನು ಬಡಿಯುತ್ತದೆ. ಅಂದರೆ ಹಣಿಗೆ ಬಟ್ಟೆಯ ಅಂಚಿಗೆ ತಾಗಿರುವ ಫೋಟೊದಲ್ಲಿ ಲಾಳಿ ಪೆಟ್ಟಿಗೆಯೊಳಗೇ ಇರಬೇಕು. ಹಣಿಗೆ ಮುಂದೆ, ಲಾಳಿಯೂ ನಡುವೆ ಅಂತ ಕಂಡರೆ ಅದು ಯಾರೋ ಜೋಡಿಸಿದ ಚಿತ್ರವೇ.

ಕ್ಯಾಮೆರಾವನ್ನು ಪಕ್ಕದಲ್ಲಿ, ಬಟ್ಟೆಯ ಮಟ್ಟಕ್ಕೆ ಇಳಿಸಿದ್ದೆ. ಮೇಲಿಂದ ತೆಗೆದರೆ ತೆರೆದ ಬಾಯಿ ಕಾಣುವುದೇ ಇಲ್ಲ, ಎಳೆಗಳೆಲ್ಲ ಚಪ್ಪಟೆ. ಶಟರ್ 1/1000 ಸೆಕೆಂಡಿಗೆ ಇಟ್ಟರೆ ಲಾಳಿ ನಿಂತಂತೆ ಬರುತ್ತದೆ. ನನಗೆ 1/60 ಇಷ್ಟವಾಯಿತು. ಲಾಳಿಯೂ ಬಲಗೈಯೂ ಮಸುಕು, ಆ ಕ್ಷಣ ಹಣಿಗೆ ಹಿಂದೆ ತಡೆದು ನಿಂತಿರುವುದರಿಂದ ಎಡಗೈ ಮಾತ್ರ ಸ್ಪಷ್ಟ.

ಕೈಯಿಂದಲೇ ಲಾಳಿ ಎಸೆಯುವ ಮಗ್ಗದ ಕಥೆ ಬೇರೆ. ಅಲ್ಲಿ ಜಗ್ಗುವ ಹಗ್ಗವೇ ಇಲ್ಲ. ಒಂದು ಕೈ ಎಸೆದರೆ ಇನ್ನೊಂದು ಆ ಬದಿಯ ಅಂಚಿನಲ್ಲಿ ಹಿಡಿಯಲು ಕಾದಿರುತ್ತದೆ. ಎರಡೂ ಮಗ್ಗದ ಫೋಟೊಗಳನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ ಅಂತ ಸಂಘಕ್ಕೆ ಹೇಳಿದ್ದೇನೆ.

ಆರಿಸಿದ್ದನ್ನೆಲ್ಲ ಅಕ್ಕನಿಗೆ ತೋರಿಸಿದೆ. ಒಂದನ್ನು ತಕ್ಷಣ ಪಕ್ಕಕ್ಕಿಟ್ಟರು. "ಇದರಲ್ಲಿ ಎಳೆ ಕಡಿದಿದೆ, ಕಾಣಲ್ವಾ? ಇದನ್ನ ಹಾಕಿದ್ರೆ ನೇಯೋರು ಏನಂತಾರೆ!" ಅದನ್ನು ತೆಗೆದುಹಾಕಿದೆ.